ಸುಮ್ಮನೆ ಓದಿ ಹೋಗುವವರಿಗೆ ಬರೆದ ನಾಲ್ಕು ಸಾಲು

ನನ್ನ ಚಿಕ್ಕಮ್ಮನ ಮಗಳು ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಲೆಕ್ಕ ಬರೆಯುತ್ತಾಳೆ. ಬಿಲ್ಲು, ಜಿಎಸ್‌ಟಿ, ಬಾಕಿ ವಸೂಲಿಯ ಪಟ್ಟಿ, ಸಂಬಳದ ಲೆಕ್ಕ, ಎಲ್ಲ ಅವಳದೇ. ಕೆಲಸ ಚೆನ್ನಾಗಿ ಗೊತ್ತು, ಆದರೆ ಹೊಸ ಗಿರಾಕಿ ಸಿಗುತ್ತಿರಲಿಲ್ಲ. ಯಾರೋ ಹೇಳಿದರೆಂದು ಲಿಂಕ್ಡ್‌ಇನ್‌ನಲ್ಲಿ ದಿನಕ್ಕೊಂದು ಪೋಸ್ಟ್ ಹಾಕತೊಡಗಿದಳು. ಎರಡು ತಿಂಗಳು ಹಾಕಿದಳು. ನೋಡಿದವರು ಅವಳ ಜೊತೆ ಓದಿದವರು, ನೆಂಟರು, ಮತ್ತೆ ನಾನು.

ಅದು ಅವಳ ತಪ್ಪಲ್ಲ. ಹೊಸಬರ ಪೋಸ್ಟ್ ಮೊದಲು ಹೋಗುವುದು ಅವರಿಗೆ ಆಗಲೇ ಪರಿಚಯವಿರುವವರ ಬಳಿಗೆ. ಪರಿಚಯವಿರುವವರಲ್ಲಿ ಕಾರ್ಖಾನೆ ಮಾಲೀಕರೇ ಇಲ್ಲದಿದ್ದರೆ ಎಷ್ಟು ಬರೆದರೂ ಅವರಿಗೆ ತಲುಪುವುದಿಲ್ಲ. ಆದರೆ ಮಾಲೀಕರು ದಿನಾ ಓದುವ ಬೇರೆಯವರ ಪೋಸ್ಟ್‌ಗಳಿರುತ್ತವಲ್ಲ, ಅದರ ಕೆಳಗೆ ಬರೆದ ಕಾಮೆಂಟ್ ಅವರ ಕಣ್ಣಿಗೆ ಬೀಳುತ್ತದೆ. ನನಗೆ ಈ ಸಂಗತಿ ಸರಿಯಾಗಿ ಅರ್ಥವಾದದ್ದು ಅವಳ ಪಕ್ಕದಲ್ಲಿ ಕುಳಿತು ನೋಡಿದಾಗ. ಕಾಮೆಂಟನ್ನು ಪೋಸ್ಟ್ ಹಾಕಿದವರಿಗೆಂದು ಬರೆಯುತ್ತೇವೆ, ನಿಜ. ಆದರೆ ನಮಗೆ ಬೇಕಾದವರು ಬಹುಪಾಲು ಲೈಕೂ ಒತ್ತದೆ, ಏನೂ ಬರೆಯದೆ, ಚಹಾ ಕುಡಿಯುತ್ತ ಬೆರಳು ಸರಿಸಿಕೊಂಡು ಹೋಗುವವರು.

ಮೊದಲು ಅವಳು ಹೋಗಿದ್ದು ತಪ್ಪು ಜಾಗಕ್ಕೆ. ದೊಡ್ಡ ದೊಡ್ಡ ತೆರಿಗೆ ತಜ್ಞರ ಪೋಸ್ಟ್‌ಗಳ ಕೆಳಗೆ ಬರೆಯುತ್ತಿದ್ದಳು. ಒಂದು ಸಂಜೆ ಇಬ್ಬರೂ ಕೂತು ಆ ಕಾಮೆಂಟ್‌ಗಳನ್ನು ಒಂದೊಂದಾಗಿ ನೋಡಿದೆವು. ಪ್ರತಿ ಹೆಸರಿನ ಕೆಳಗೂ ಅವರ ಉದ್ಯೋಗದ ಒಂದು ಸಾಲು ಇರುತ್ತದೆ. ಅಲ್ಲಿದ್ದವರೆಲ್ಲ ಅಕೌಂಟೆಂಟ್‌ಗಳು, ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗರು, ಟ್ಯೂಷನ್ ಹೇಳುವವರು. ಲೆಕ್ಕದವರ ಮಧ್ಯೆ ಲೆಕ್ಕದವಳು! ಅಲ್ಲಿ ಎಷ್ಟು ಚೆನ್ನಾಗಿ ಬರೆದರೂ ಕೆಲಸ ಕೊಡುವವರು ಯಾರಿದ್ದಾರೆ?

ಆಮೇಲೆ ಪಟ್ಟಿ ಬದಲಾಯಿತು. ಜಾಬ್ ವರ್ಕ್ ಮಾಡುವ ಮೆಷಿನ್ ಶಾಪ್ ಮಾಲೀಕರು ಕೆಲವರು, ಕಟಿಂಗ್ ಟೂಲ್ ಮಾರುವ ಡೀಲರ್ ಒಬ್ಬರು, ಸಣ್ಣ ಉದ್ದಿಮೆಗಳ ಸಂಘಗಳಲ್ಲಿ ಓಡಾಡುವ ಹಿರಿಯರು, ಬ್ಯಾಂಕಿನಲ್ಲಿ ಸಣ್ಣ ಉದ್ದಿಮೆ ಸಾಲ ನೋಡುವ ಮ್ಯಾನೇಜರ್ ಒಬ್ಬರು, ಹೀಗೆ ಹದಿನೈದು ಜನ. ಪ್ರತಿಯೊಬ್ಬರ ಹಿಂದಿನ ನಾಲ್ಕೈದು ಪೋಸ್ಟ್ ತೆಗೆದು, ಕೆಳಗೆ ಮಾತಾಡುವವರು ಯಾರೆಂದು ನೋಡಿಯೇ ಪಟ್ಟಿಗೆ ಸೇರಿಸಿದ್ದು. ಐನೂರು ಕಾಮೆಂಟ್ ಬರುವ ಪ್ರಸಿದ್ಧರನ್ನು ಬಿಟ್ಟಳು, ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹತ್ತರಿಂದ ನಲವತ್ತು ಕಾಮೆಂಟ್ ಬೀಳುವ ಜಾಗ ಸಾಕು, ಅಲ್ಲಿ ಪೋಸ್ಟ್ ಹಾಕಿದವರೇ ಉತ್ತರ ಕೊಡುತ್ತಾರೆ. ಈ ಹದಿನೈದು ಜನರ ಪ್ರೊಫೈಲಿನಲ್ಲಿರುವ ಗಂಟೆ ಚಿತ್ರ ಒತ್ತಿಟ್ಟಳು, ಹೊಸ ಪೋಸ್ಟ್ ಬಂದರೆ ಫೋನೇ ತಿಳಿಸುತ್ತದೆ. ಬೇಗ ಬರೆದರೆ ಅನುಕೂಲವಿದೆ, ಏಕೆಂದರೆ ಪೋಸ್ಟಿನ ಓಡಾಟ ಜೋರಾಗಿರುವುದು ಮೊದಲ ಒಂದೆರಡು ದಿನ. ಹಾಗೆಂದು ಪೋಸ್ಟನ್ನು ಪೂರ್ತಿ ಓದದೆ ಬರೆಯಬಾರದು. ಅರ್ಧ ಓದಿ ಬರೆದದ್ದು ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ತಿದ್ದುಪಡಿಯಾಯಿತು. ಅವಳ ಹೆಸರಿನ ಕೆಳಗೆ ಇದ್ದದ್ದು ‘ಹಣಕಾಸು ಕ್ಷೇತ್ರದ ಉತ್ಸಾಹಿ ವೃತ್ತಿಪರೆ’ ಎಂಬರ್ಥದ ಇಂಗ್ಲಿಷ್ ಸಾಲು. ಈ ಸಾಲಿಗೆ 220 ಅಕ್ಷರದವರೆಗೆ ಜಾಗವಿದೆ, ಆದರೆ ಕಾಮೆಂಟಿನ ಪಕ್ಕದಲ್ಲಿ ಕಾಣುವುದು ಮೊದಲ ಕೆಲವೇ ಪದ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಅದನ್ನು ತೆಗೆದು, ‘ಸಣ್ಣ ಕಾರ್ಖಾನೆಗಳ ಲೆಕ್ಕ ಮತ್ತು ಬಾಕಿ ವಸೂಲಿ, ಪೀಣ್ಯ’ ಎಂದು ಹಾಕಿಸಿದೆ. ಇದಾದ ಮೇಲೆ ಕಾಮೆಂಟಿನೊಳಗೆ ತಾನು ಯಾರು, ಏನು ಮಾಡುತ್ತೇನೆ ಎಂದು ಹೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಇನ್ನು ಬರವಣಿಗೆ. ಒಬ್ಬ ಮಾಲೀಕರು ನೊಂದುಕೊಂಡು ಬರೆದಿದ್ದರು: ಮಾಲು ಕೊಟ್ಟು ಮೂರು ತಿಂಗಳಾಯಿತು, ದೊಡ್ಡ ಕಂಪನಿಯಿಂದ ದುಡ್ಡು ಬಂದಿಲ್ಲ, 45 ದಿನದ ನಿಯಮ ಅಂತ ಒಂದಿದೆಯಂತೆ, ನಮ್ಮಂಥವರಿಗೆ ಅದರಿಂದ ಏನು ಪ್ರಯೋಜನ ಎಂದು. ಕೆಳಗೆ ಆಗಲೇ ಏಳೆಂಟು ಕಾಮೆಂಟ್. ‘ನಿಜ ಸರ್’, ‘ಕಟು ಸತ್ಯ’, ‘ಚೆನ್ನಾಗಿ ಹೇಳಿದಿರಿ’. ತಂಗಿಯೂ ಮೊದಲು ‘ತುಂಬಾ ಮುಖ್ಯವಾದ ವಿಷಯ ಎತ್ತಿದ್ದೀರಿ ಸರ್’ ಎಂದು ಬರೆದು, ಕಳಿಸುವ ಮುನ್ನ ನನ್ನ ಮುಖ ನೋಡಿದಳು. ಅದನ್ನು ಯಾರು ಬೇಕಾದರೂ ಬರೆಯಬಹುದಲ್ಲ ಎಂದೆ. ಅದನ್ನು ಅಳಿಸಿ, ಅರ್ಧ ಗಂಟೆ ಕೂತು ಹೀಗೆ ಬರೆದಳು:

“ಸರ್, ನಿಮ್ಮ ಪಿಒದಲ್ಲಿ ಪೇಮೆಂಟ್ ಟರ್ಮ್ಸ್ ಏನಂತ ಬರೆದಿದೆ ಒಮ್ಮೆ ನೋಡಿ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ನಿಮಗೆ ಇರುವುದು 15 ದಿನದ ಗಡುವು. ಒಪ್ಪಂದದಲ್ಲಿ 90 ದಿನ ಅಂತ ಇದ್ದರೂ ಕಾಯ್ದೆ 45 ದಿನದ ಮೇಲೆ ಒಪ್ಪುವುದಿಲ್ಲ. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಹಾಗೇ ಉಳಿದರೆ, ಆ ಕಂಪನಿಯವರು ಆ ಮೊತ್ತವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸಿ ತೆರಿಗೆ ಉಳಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಹಾಗಾಗಿ ಫೆಬ್ರವರಿಯಲ್ಲೇ ಅವರ ಅಕೌಂಟ್ಸ್ ವಿಭಾಗಕ್ಕೆ ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ನೀವು ಸಣ್ಣ ಉದ್ದಿಮೆ ಅಂತ ಅವರ ಪಟ್ಟಿಯಲ್ಲೇ ಇಲ್ಲದಿದ್ದರೆ ಆಡಿಟರ್ ಕೇಳುವುದೂ ಇಲ್ಲ. ನಿಮ್ಮ ಬಿಲ್ಲಿನಲ್ಲಿ ಈಗ ನಂಬರ್ ಇದೆಯಾ ಸರ್?”

ಈ ಕಾಮೆಂಟಿನ ಒಳಗೆ ಏನಿದೆ ನೋಡಿ. ಹೊಗಳಿಕೆಯಿಂದ ಶುರುವಾಗಿಲ್ಲ. ಉದ್ದದ ಕಾಮೆಂಟಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣಿಸಿ, ಮಿಕ್ಕದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಆ ಎರಡು ಸಾಲನ್ನು ‘ಅದ್ಭುತ ಬರಹ ಸರ್, ನನ್ನ ಅನಿಸಿಕೆ ಏನೆಂದರೆ’ ಎಂಬುದಕ್ಕೆ ಕೊಟ್ಟರೆ ಯಾರೂ ಒತ್ತುವುದಿಲ್ಲ. ಇಲ್ಲಿ ಮೊದಲ ಸಾಲಿಗೇ ಓದುವವರು ತಮ್ಮ ಪಿಒ ನೆನಪು ಮಾಡಿಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ಇರುವುದು 45 ದಿನ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ ಎಂಬುದು ಬಹಳ ಜನರಿಗೆ ಹೊಸದು. ಪೋಸ್ಟ್ ಹಾಕಿದವರನ್ನು ‘ನಿಮಗೆ ಗೊತ್ತಿಲ್ಲ’ ಎಂದು ಚುಚ್ಚಿಲ್ಲ, ಅವರ ಸಿಟ್ಟಿಗೆ ಒಂದು ದಾರಿ ಸೇರಿಸಿದ್ದಾಳೆ ಅಷ್ಟೆ. ಇನ್ನೊಬ್ಬರ ಪೋಸ್ಟ್ ಅವರ ಜಗಲಿ ಇದ್ದಹಾಗೆ, ಅಲ್ಲಿ ಕೂತು ಯಜಮಾನರನ್ನೇ ಸಣ್ಣವರನ್ನಾಗಿ ಮಾಡಿದರೆ ನೋಡುವವರಿಗೂ ಹಿತವಾಗುವುದಿಲ್ಲ. ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಕು. ಅವರು ‘ಇಲ್ಲಮ್ಮ, ಹಾಕಿಲ್ಲ’ ಎಂದು ಬರೆದರು. ಅಷ್ಟು ಬರೆದಿದ್ದಕ್ಕೇ ಮಾತು ಮುಂದುವರಿಯಿತು, ಅವರನ್ನು ಹಿಂಬಾಲಿಸುವ ಇನ್ನಷ್ಟು ಮಾಲೀಕರು ಬಂದು ಕೇಳತೊಡಗಿದರು.

ಒಂದು ಕಾಮೆಂಟಿಗೆ 1,250 ಅಕ್ಷರದ ಮಿತಿ ಇದೆ. ಅದನ್ನು ಪೂರ್ತಿ ತುಂಬಿಸುವುದು ಬೇಡ. ನನ್ನ ಪ್ರಕಾರ ಒಂದು ಕಾಮೆಂಟಿಗೆ ಒಂದೇ ವಿಷಯ ಇರಬೇಕು, ಅದೂ ಕೈಯಾರೆ ಮಾಡಿ ಗೊತ್ತಿರುವ ವಿಷಯವಾಗಿರಬೇಕು. ಭಾಷೆ ಪೋಸ್ಟ್ ಯಾವುದರಲ್ಲಿದೆಯೋ ಅದೇ. ಕನ್ನಡದಲ್ಲಿ ಬರೆದವರಿಗೆ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಮಾತು ಅಲ್ಲೇ ದೂರವಾಗುತ್ತದೆ.

ಎಡವಟ್ಟೂ ಆಗಿದೆ. ಇನ್ನೊಂದು ಕಡೆ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಕೇಳಿದ್ದಕ್ಕೆ, ಉದ್ಯಮ್ ನೋಂದಣಿ ಇದ್ದರೆ ನಿಮಗೂ ಈ ಗಡುವು ಸಿಗುತ್ತದೆ ಎಂದು ಬರೆದುಬಿಟ್ಟಳು. ಅದು ತಪ್ಪು. ಬರೀ ಮಾರಾಟ ಮಾಡುವವರಿಗೆ ಉದ್ಯಮ್ ನೋಂದಣಿಯಿಂದ ಸಿಗುವುದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲ ಮಾತ್ರ, ತಡವಾದ ಪಾವತಿಯ ರಕ್ಷಣೆ ಇಲ್ಲ. ಇನ್ನೊಬ್ಬರು ಕೆಳಗೇ ಅದನ್ನು ಎತ್ತಿ ತೋರಿಸಿದರು. ಅವಳಿಗೆ ಕಣ್ಣಲ್ಲಿ ನೀರು. ಅಳಿಸಿಬಿಡಲಾ ಅಕ್ಕಾ ಎಂದು ಫೋನ್ ಮಾಡಿದಳು. ಬೇಡ ಎಂದೆ. ಮೇಲಿನ ತಪ್ಪು ಮಾತಿನ ಮುಂದೆ ‘ಇದು ಸರಿಯಲ್ಲ, ಕೆಳಗೆ ನೋಡಿ’ ಎಂದು ಸೇರಿಸಿ, ತಿದ್ದಿದವರಿಗೆ ಧನ್ಯವಾದ ಹೇಳಿ, ಸರಿಯಾದದ್ದನ್ನು ಎರಡು ಸಾಲಿನಲ್ಲಿ ಬರೆದಳು. ಅಳಿಸಿದ್ದರೆ ತಿದ್ದಿದವರ ಉತ್ತರವೂ ಅದರ ಜೊತೆಗೇ ಮಾಯವಾಗುತ್ತಿತ್ತು, ತಪ್ಪು ಓದಿಕೊಂಡು ಹೋದವರಿಗೆ ಸರಿ ಯಾವುದೆಂದು ತಿಳಿಯುತ್ತಲೂ ಇರಲಿಲ್ಲ.

ಫೋನ್ ನಂಬರ್ ಹಾಕುವುದು, ‘ಸೇವೆಗೆ ಸಂಪರ್ಕಿಸಿ’ ಎನ್ನುವುದು, ಇವೆರಡನ್ನು ಅವಳು ಒಮ್ಮೆಯೂ ಮಾಡಲಿಲ್ಲ. ಇನ್ನೊಬ್ಬರ ಪೋಸ್ಟಿನ ಕೆಳಗೆ ಅಂಗಡಿ ಇಟ್ಟರೆ ಅವರು ಕಾಮೆಂಟನ್ನೇ ತೆಗೆದುಹಾಕಬಹುದು. ಪ್ರಾಕ್ಟೀಸ್ ಮಾಡುವ ಚಾರ್ಟರ್ಡ್ ಅಕೌಂಟೆಂಟರಿಗೂ ವಕೀಲರಿಗೂ ಹೀಗೆ ಕೆಲಸ ಕೇಳುವುದಕ್ಕೆ ಅವರ ವೃತ್ತಿ ನಿಯಮದಲ್ಲೇ ತಡೆಯಿದೆ, ಅವರು ಇನ್ನೂ ಎಚ್ಚರವಾಗಿರಬೇಕು. ಒಬ್ಬರ ಪೋಸ್ಟಿಗೆ ಇನ್ನೊಬ್ಬರು ಬಂದು ಕಾಮೆಂಟ್ ಹಾಕಿಕೊಡುವ ವಾಟ್ಸಾಪ್ ಗುಂಪಿಗೂ ಅವಳನ್ನು ಕರೆದಿದ್ದರು. ಲಿಂಕ್ಡ್‌ಇನ್ ಇಂಥ ಕೃತಕ ಓಡಾಟವನ್ನು ಒಪ್ಪುವುದಿಲ್ಲ. ಅದಿರಲಿ, ಆ ಗುಂಪಿನಲ್ಲಿ ಲೇತ್ ಇಟ್ಟುಕೊಂಡವರು ಒಬ್ಬರೂ ಇರಲಿಲ್ಲ, ಅವರಿಂದ ನೂರು ಕಾಮೆಂಟ್ ಬಂದು ಅವಳಿಗೆ ಏನಾಗಬೇಕು?

ಸರಿಯಾದವರಿಗೆ ತಲುಪುತ್ತಿದೆಯೇ ಎಂದು ತಿಳಿಯಲು ಲೈಕ್ ಎಣಿಸಿದರೆ ದಾರಿ ತಪ್ಪುತ್ತದೆ. ಅವಳು ವಾರಕ್ಕೊಮ್ಮೆ ತನ್ನ ಪ್ರೊಫೈಲ್ ನೋಡಿದವರ ಪಟ್ಟಿ ತೆಗೆಯುತ್ತಿದ್ದಳು. ದುಡ್ಡು ಕಟ್ಟದವರಿಗೆ ಅದರಲ್ಲಿ ಇತ್ತೀಚಿನ ಕೆಲವೇ ಹೆಸರು ಕಾಣುತ್ತವೆ, ಆದರೆ ಅಷ್ಟೇ ಸಾಕು. ಮೊದಲು ಅಲ್ಲಿದ್ದದ್ದು ಜೊತೆಗೆ ಓದಿದವರು ಮತ್ತು ಇನ್ಶೂರೆನ್ಸ್ ಮಾರುವವರು. ಆರೇಳು ವಾರದ ಮೇಲೆ ಫೌಂಡ್ರಿ, ಶೀಟ್ ಮೆಟಲ್, ಪೌಡರ್ ಕೋಟಿಂಗ್ ಎಂಬ ಮಾತುಗಳು ಆ ಹೆಸರುಗಳ ಕೆಳಗೆ ಕಾಣತೊಡಗಿದವು. ಅವರಲ್ಲಿ ಮುಕ್ಕಾಲು ಪಾಲು ಜನ ಅವಳ ಕಾಮೆಂಟಿಗೆ ಲೈಕ್ ಕೂಡ ಒತ್ತಿರಲಿಲ್ಲ. ಉತ್ತರ ಕೊಟ್ಟು ಮಾತಾಡಿದವರಿಗೆ ಅವಳೇ ಪರಿಚಯದ ಕೋರಿಕೆ ಕಳಿಸುತ್ತಿದ್ದಳು, ಯಾವ ಪೋಸ್ಟಿನಲ್ಲಿ ಮಾತಾಡಿದ್ದೆವು ಎಂದು ಒಂದು ಸಾಲು ಬರೆದು. ಸೇರಿದ ಕೂಡಲೇ ಕೆಲಸದ ಮಾತು ಎತ್ತುತ್ತಿರಲಿಲ್ಲ.

ವಾರಕ್ಕೆ ನಾಲ್ಕೈದು ಕಾಮೆಂಟ್, ಒಂದೊಂದಕ್ಕೂ ಇಪ್ಪತ್ತು ಮೂವತ್ತು ನಿಮಿಷ. ಅದಕ್ಕಿಂತ ಹೆಚ್ಚು ಅವಳ ಕೈಲಾಗುತ್ತಿರಲಿಲ್ಲ, ಕೆಲಸದ ದಿನ ಮುಗಿಸಿ ಬರೆಯಬೇಕಲ್ಲ. ಕೆಲವು ವಾರ ಗೊತ್ತಿರುವ ವಿಷಯವೇ ಬರುತ್ತಿರಲಿಲ್ಲ, ಆಗ ಬರೆಯದೇ ಬಿಟ್ಟಳು.

ನಾಲ್ಕನೇ ತಿಂಗಳಲ್ಲಿ ಶೀಟ್ ಮೆಟಲ್ ಕೆಲಸದ ಹಿರಿಯರೊಬ್ಬರಿಂದ ಸಂದೇಶ ಬಂತು. ಅವರು ಎಲ್ಲಿಯೂ ಒಂದು ಅಕ್ಷರ ಬರೆದವರಲ್ಲ. “ನೀವು ಬರೆಯೋದನ್ನ ಓದ್ತಾ ಇದ್ದೆ ಕಣಮ್ಮ, ಒಂದು ಸಲ ಶೆಡ್ ಹತ್ತಿರ ಬರ್ತೀರಾ” ಎಂದಿದ್ದರು. ಶನಿವಾರ ಹೋದಳು. ಮೇಜಿನ ಮೇಲೆ ಅವರು ತಮ್ಮ ಬಿಲ್ ಪುಸ್ತಕ ತೆಗೆದಿಟ್ಟಿದ್ದರು. ಪ್ರತಿ ಹಾಳೆಯ ಮೇಲ್ಭಾಗದಲ್ಲಿ, ಜಿಎಸ್‌ಟಿ ನಂಬರಿನ ಕೆಳಗೆ, ಉದ್ಯಮ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಕೈಯಿಂದಲೇ ಬರೆದುಕೊಂಡಿದ್ದರು.