ಹಾಳೆ ಚದುರಿದರೂ ಲೆಕ್ಕ ಚದುರದಂತೆ

ಹಾಲು ಉತ್ಪಾದಕರ ಸಂಘವೊಂದರ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಎಕ್ಸೆಲ್ ಫೈಲು, ಅದರಲ್ಲಿ ತಿಂಗಳಿಗೊಂದು ಶೀಟು. ಲೆಕ್ಕ ತಪಾಸಣೆಗೆಂದು ಎಲ್ಲವನ್ನೂ ಮುದ್ರಿಸಿದಾಗ ಯಾವ ಹಾಳೆ ಯಾವ ತಿಂಗಳದು, ಯಾವುದರ ನಂತರ ಯಾವುದು ಎಂದು ಹಾಳೆಯೇ ಹೇಳಬೇಕು. ಪ್ರತಿ ಪುಟದ ಮೇಲಂಚಿನ ಹೆಡರ್, ಕೆಳಅಂಚಿನ ಫೂಟರ್ ಇರುವುದು ಇದಕ್ಕಾಗಿಯೇ.

Page Layout ಟ್ಯಾಬಿನಲ್ಲಿ Page Setup ಗುಂಪಿನ ಮೂಲೆಯ ಪುಟ್ಟ ಬಾಣವನ್ನು ಒತ್ತಿ, Header/Footer ಆರಿಸಿ, Custom Footer ತೆರೆಯಿರಿ. ಎಡ, ನಡು, ಬಲಕ್ಕೆ ಮೂರು ಪೆಟ್ಟಿಗೆಗಳು ಕಾಣುತ್ತವೆ. ಅವುಗಳಲ್ಲಿ ಕ್ರಮವಾಗಿ ಹೀಗೆ ಬರೆಯಿರಿ:

```
ಮುದ್ರಿಸಿದ ದಿನ: &[Date]
&[Tab]
ಪುಟ &[Page] / &[Pages]
```

ಮೊದಲ ಸಾಲು ಎಡಕ್ಕೆ, ಎರಡನೆಯದು ನಡುವಿಗೆ, ಮೂರನೆಯದು ಬಲಕ್ಕೆ. ಆವರಣದೊಳಗಿನ ಸಂಕೇತಗಳನ್ನು ಟೈಪ್ ಮಾಡುವ ಬದಲು ಮೇಲಿನ ಗುಂಡಿಗಳನ್ನು ಒತ್ತಿಯೂ ಸೇರಿಸಬಹುದು. ಇವು ಬರಿಯ ಅಕ್ಷರಗಳಲ್ಲ. ಮುದ್ರಿಸುವ ಹೊತ್ತಿಗೆ ಎಕ್ಸೆಲ್ ತುಂಬಿಕೊಡುವ ಖಾಲಿ ಜಾಗಗಳು. ಶೀಟಿನ ಹೆಸರು Sheet1 ಎಂದೇ ಉಳಿದಿದ್ದರೆ ಕಾಗದದ ಮೇಲೂ ಅದೇ ಬರುತ್ತದೆ. ಆದ್ದರಿಂದ ಕೆಳಗಿನ ಟ್ಯಾಬಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ‘ಏಪ್ರಿಲ್’, ‘ಮೇ’ ಎಂದು ಮೊದಲೇ ಹೆಸರಿಡಿ.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. &[Date] ತೋರಿಸುವುದು ಮುದ್ರಿಸಿದ ದಿನವನ್ನು, ಲೆಕ್ಕ ಬರೆದ ದಿನವನ್ನಲ್ಲ. ಏಪ್ರಿಲ್ ಲೆಕ್ಕವನ್ನು ಆಗಸ್ಟ್‌ನಲ್ಲಿ ಮತ್ತೆ ಮುದ್ರಿಸಿದರೆ ಆಗಸ್ಟ್ ದಿನಾಂಕವೇ ಬೀಳುತ್ತದೆ. ಹಿಂದೆ ‘ಮುದ್ರಿಸಿದ ದಿನ’ ಎಂದು ಸೇರಿಸಿದ್ದು ಈ ಗೊಂದಲ ಬಾರದಿರಲೆಂದು. ಲೆಕ್ಕ ಮುಗಿದ ದಿನವೇ ಬೇಕಿದ್ದರೆ ಸಂಕೇತ ಬಿಟ್ಟು ಆ ದಿನಾಂಕವನ್ನೇ ಟೈಪ್ ಮಾಡಿ. ಅದು ಮುಂದೆ ಬದಲಾಗದು.

ಒಂದು ಶೀಟಿನ ಫೂಟರ್ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಮೊದಲ ತಿಂಗಳ ಟ್ಯಾಬ್ ಒತ್ತಿ, Shift ಹಿಡಿದು ಕೊನೆಯ ತಿಂಗಳದನ್ನು ಒತ್ತಿದರೆ ಎಲ್ಲ ಶೀಟುಗಳೂ ಒಟ್ಟಾಗಿ ಆಯ್ಕೆಯಾಗುತ್ತವೆ. ಆಮೇಲೆ Page Setup ತೆರೆದು ಫೂಟರ್ ಬರೆಯಿರಿ. ಕೆಲಸ ಮುಗಿದ ಕೂಡಲೇ ಟ್ಯಾಬಿನ ಮೇಲೆ ಬಲ ಕ್ಲಿಕ್ ಮಾಡಿ Ungroup Sheets ಆರಿಸಲೇಬೇಕು. ಮರೆತರೆ ಮೇ ತಿಂಗಳ ಕೋಶದಲ್ಲಿ ಬರೆದ ಅಂಕಿ ಉಳಿದೆಲ್ಲ ತಿಂಗಳುಗಳ ಅದೇ ಕೋಶದಲ್ಲಿ ಕುಳಿತು, ಅಲ್ಲಿದ್ದ ಅಂಕಿಯನ್ನು ಅಳಿಸಿಬಿಡುತ್ತದೆ.

ಪುಟಸಂಖ್ಯೆ ಮುದ್ರಿಸುವ ಕ್ರಮವನ್ನು ಅನುಸರಿಸುತ್ತದೆ. ಏಪ್ರಿಲ್‌ಗೆ 3 ಪುಟ, ಮೇಗೆ 2 ಪುಟ ಎನ್ನೋಣ. ಎರಡನ್ನೂ ಒಟ್ಟಿಗೆ ಮುದ್ರಿಸಿದರೆ ಮೇ ಶುರುವಾಗುವುದು ‘ಪುಟ 4 / 5’ ಎಂದು. ಬೇರೆಬೇರೆಯಾಗಿ ಮುದ್ರಿಸಿದರೆ ಅದೇ ಹಾಳೆ ‘ಪುಟ 1 / 2’ ಆಗುತ್ತದೆ. ಇಡೀ ವರ್ಷದ ಕಡತಕ್ಕೆ ಮೊದಲನೆಯದು ಸರಿ, ತಿಂಗಳ ಕಡತಕ್ಕೆ ಎರಡನೆಯದು.

ಹೆಡರ್, ಫೂಟರ್ ಎರಡೂ ಮಾಮೂಲಿ ನೋಟದಲ್ಲಿ ಕಾಣುವುದಿಲ್ಲ. Ctrl+P ಒತ್ತಿ ಮುನ್ನೋಟದಲ್ಲಿ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ನೋಡಿ, ತಿಂಗಳ ಹೆಸರು ಮತ್ತು ಒಟ್ಟು ಪುಟಗಳು ಸರಿಯಿದ್ದರೆ ಮಾತ್ರ ಮುದ್ರಣಕ್ಕೆ ಕೊಡಿ.