ನೀರಿನ ಪಿಎಚ್ ಮತ್ತು ಇಂಗಾಲದ ಮೂರು ಗೆರೆಗಳು

ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಮೂರು ರೂಪಗಳಲ್ಲಿ ಹಂಚಿಹೋಗಿರುತ್ತದೆ. ಮೊದಲನೆಯದು ಕಾರ್ಬಾನಿಕ್ ಆಮ್ಲ. ಅದು ಒಂದು ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟರೆ ಬೈಕಾರ್ಬನೇಟ್, ಇನ್ನೊಂದನ್ನೂ ಬಿಟ್ಟುಕೊಟ್ಟರೆ ಕಾರ್ಬನೇಟ್. ಯಾವ ಪಿಎಚ್‌ನಲ್ಲಿ ಯಾವ ರೂಪದ ಪಾಲು ಎಷ್ಟು ಎಂಬುದನ್ನು ಮೂರು ಗೆರೆಗಳಲ್ಲಿ ತೋರಿಸುವ ಚಿತ್ರವೇ ಹಂಚಿಕೆ ನಕ್ಷೆ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ನೀಲ್ಸ್ ಬ್ಯೆರಮ್ ಅವರ ಹೆಸರಿನಿಂದ ಇದನ್ನು ಬ್ಯೆರಮ್ ನಕ್ಷೆ ಎಂದೂ ಕರೆಯುತ್ತಾರೆ. ನಕ್ಷೆಯಲ್ಲಿ ಕಾರ್ಬಾನಿಕ್ ಆಮ್ಲ ಎಂದು ಬರೆದಿರುವುದರಲ್ಲಿ ಬಹುಪಾಲು ಸುಮ್ಮನೆ ಕರಗಿ ನಿಂತ ಇಂಗಾಲದ ಡೈಆಕ್ಸೈಡ್ ಅನಿಲವೇ. ನಿಜವಾದ ಆಮ್ಲದ ಅಣು ಅದರಲ್ಲಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಪ್ರಯೋಗದಲ್ಲಿ ಎರಡನ್ನೂ ಬೇರೆಬೇರೆಯಾಗಿ ಅಳೆಯುವುದು ಕಷ್ಟವಾದ್ದರಿಂದ ಒಂದೇ ಹೆಸರಿನಡಿ ಸೇರಿಸಿ ಲೆಕ್ಕ ಹಾಕುವುದು ರೂಢಿ.

ನಕ್ಷೆ ಬರೆಯಲು ಬೇಕಾದುದು ಎರಡೇ ಸಂಖ್ಯೆಗಳು. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಮೊದಲ ಹೈಡ್ರೋಜನ್ ಕಳಚುವ ಹಂತದ ಪಿಕೆ ಬೆಲೆ 6.35, ಎರಡನೆಯದು ಕಳಚುವ ಹಂತದ್ದು 10.33. ಪೂರ್ತಿ ಲೆಕ್ಕದ ಸೂತ್ರ ಹೀಗಿದೆ:

```
D = [H]² + K1[H] + K1·K2
ಕಾರ್ಬಾನಿಕ್ ಆಮ್ಲ = [H]² / D
ಬೈಕಾರ್ಬನೇಟ್  = K1[H] / D
ಕಾರ್ಬನೇಟ್     = K1·K2 / D
```

ಗ್ರಾಫ್ ಹಾಳೆಯ ಮೇಲೆ ಕೈಯಲ್ಲಿ ಬರೆಯುವುದಾದರೆ ಇಷ್ಟೂ ಬೇಕಾಗುವುದಿಲ್ಲ. ಅಡ್ಡ ಅಕ್ಷದಲ್ಲಿ ಪಿಎಚ್ 4ರಿಂದ 12ರವರೆಗೆ, ಲಂಬ ಅಕ್ಷದಲ್ಲಿ ಪಾಲು ಸೊನ್ನೆಯಿಂದ 1ರವರೆಗೆ ಗುರುತಿಸಿಕೊಳ್ಳಬೇಕು. 6.35 ಮತ್ತು 10.33ರಲ್ಲಿ ಸೀಸದಕಡ್ಡಿಯಿಂದ ತೆಳುವಾಗಿ ಎರಡು ನೇರ ಗೆರೆ ಎಳೆದು, ಎರಡರ ಮೇಲೂ 0.5ರ ಎತ್ತರದಲ್ಲಿ ಚುಕ್ಕೆ ಇಡಬೇಕು. ಮೊದಲ ಚುಕ್ಕೆಯಲ್ಲಿ ಆಮ್ಲ ಮತ್ತು ಬೈಕಾರ್ಬನೇಟ್ ಸಮಸಮ. ಎರಡನೆಯದರಲ್ಲಿ ಬೈಕಾರ್ಬನೇಟ್ ಮತ್ತು ಕಾರ್ಬನೇಟ್ ಸಮಸಮ. ಅಲ್ಲಿಂದ ಪಿಎಚ್ ಒಂದು ಏರಿದರೆ ಜೋಡಿಯ ಅನುಪಾತ ಹತ್ತಕ್ಕೆ ಒಂದಾಗುತ್ತದೆ, ಎಂದರೆ 0.91 ಮತ್ತು 0.09. ಅರ್ಧ ಏರಿದರೆ 0.76 ಮತ್ತು 0.24. ಎರಡು ಏರಿದರೆ 0.99 ಮತ್ತು 0.01. ಇಳಿಯುವಾಗಲೂ ಇದೇ ಸಂಖ್ಯೆಗಳು, ಅದಲುಬದಲಾಗಿ. ಒಂದು ಪಿಕೆಯ ಆಸುಪಾಸಿನಲ್ಲಿ ಮೂರನೆಯ ರೂಪ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರುವುದರಿಂದ ಈ ಸುಲಭದ ದಾರಿ ಸಾಧ್ಯವಾಗಿದೆ.

ಚುಕ್ಕೆಗಳನ್ನು ಸ್ಕೇಲಿಟ್ಟು ಜೋಡಿಸಬಾರದು. ಸರಿಯಾದ ಗೆರೆ ಮೇಲ್ತುದಿಯಲ್ಲಿ ಮೆಲ್ಲಗೆ ಬಾಗಿ, ಪಿಕೆಯ ಬಳಿ ಕಡಿದಾಗಿ ಇಳಿದು, ಕೆಳಗೆ ಮತ್ತೆ ಮೆಲ್ಲಗೆ ಮಲಗುತ್ತದೆ. ಆಮ್ಲದ ಗೆರೆ ಎಡದಿಂದ ಇಳಿಯುತ್ತದೆ, ಕಾರ್ಬನೇಟಿನದು ಬಲಕ್ಕೆ ಏರುತ್ತದೆ, ಬೈಕಾರ್ಬನೇಟ್ ನಡುವೆ ಗುಡ್ಡದಂತೆ ನಿಲ್ಲುತ್ತದೆ. ಗುಡ್ಡದ ನೆತ್ತಿ ಎರಡು ಪಿಕೆಗಳ ಸರಿನಡುವೆ, ಪಿಎಚ್ 8.34ರಲ್ಲಿ. ಅದರ ಎತ್ತರ 0.98, ಪೂರ್ತಿ 1 ಅಲ್ಲ. ಉಳಿದ ನೂರರಲ್ಲಿ ಎರಡು ಪಾಲನ್ನು ಆಮ್ಲವೂ ಕಾರ್ಬನೇಟೂ ಒಂದೊಂದಾಗಿ ಹಂಚಿಕೊಂಡಿರುತ್ತವೆ. ಯಾವುದೇ ಪಿಎಚ್‌ನಲ್ಲಿ ಮೂರೂ ಎತ್ತರ ಕೂಡಿದರೆ 1 ಬರಬೇಕು. ಬಾರದಿದ್ದರೆ ಎಲ್ಲೋ ಚುಕ್ಕೆ ತಪ್ಪಿದೆ.

ಓದುವ ಕ್ರಮವೂ ಸರಳ. ಅಳೆದ ಪಿಎಚ್‌ನಿಂದ ನೇರ ಮೇಲಕ್ಕೆ ಹೋಗಿ, ಗೆರೆಗಳು ಸಿಕ್ಕಲ್ಲೆಲ್ಲ ಎಡಕ್ಕೆ ತಿರುಗಿ ಪಾಲನ್ನು ಓದಿಕೊಂಡರಾಯಿತು. ನೀರಿನ ಪರೀಕ್ಷೆಯಲ್ಲಿ ಆಮ್ಲದ ಹನಿ ಬಿಡುವಾಗ ಫಿನಾಲ್ಫ್ಥಲೀನಿನ ಗುಲಾಬಿ ಬಣ್ಣ ಸುಮಾರು 8.3ರಲ್ಲಿ ಮಾಯವಾಗುವುದೇಕೆ ಎಂಬುದು ಈಗ ಕಣ್ಣಿಗೇ ಕಾಣುತ್ತದೆ: ಅಲ್ಲಿ ಕಾರ್ಬನೇಟ್ ಹೆಚ್ಚುಕಡಿಮೆ ಎಲ್ಲವೂ ಬೈಕಾರ್ಬನೇಟ್ ಆಗಿ ಮುಗಿದಿರುತ್ತದೆ. ಮುಂದೆ ಸುಮಾರು 4.5ರಲ್ಲಿ ಮೀಥೈಲ್ ಆರೆಂಜ್ ಬಣ್ಣ ಬದಲಿಸುವ ಹೊತ್ತಿಗೆ ಬೈಕಾರ್ಬನೇಟ್ ನೂರರಲ್ಲಿ ಒಂದೂವರೆ ಪಾಲೂ ಉಳಿದಿರುವುದಿಲ್ಲ.

ಕೊಳವೆಬಾವಿಯ ನೀರೊಂದನ್ನು ತೆಗೆದುಕೊಂಡು ನೋಡಬಹುದು. ಪಂಪಿನ ಬಾಯಲ್ಲೇ ಅಳೆದಾಗ ಪಿಎಚ್ 7.2 ಇದೆ, ಕ್ಷಾರತೆ ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ ಲೀಟರಿಗೆ 250 ಮಿಲಿಗ್ರಾಂ ಇದೆ ಎಂದುಕೊಳ್ಳೋಣ. ನಕ್ಷೆಯಲ್ಲಿ 7.2ರ ಮೇಲೆ ಬೈಕಾರ್ಬನೇಟ್ 0.88, ಆಮ್ಲ 0.12. ಕಾರ್ಬನೇಟಿನ ಗೆರೆ ತಳಕ್ಕೆ ಅಂಟಿಕೊಂಡಿದೆ. ಹಾಗಾಗಿ ಕ್ಷಾರತೆಯೆಲ್ಲ ಬೈಕಾರ್ಬನೇಟೇ ಎಂದು ಹಿಡಿಯಬಹುದು. ಅದು ಲೀಟರಿಗೆ 5 ಮಿಲಿಮೋಲ್. ಅನುಪಾತದ ಪ್ರಕಾರ ಕರಗಿದ ಅನಿಲ 0.7 ಮಿಲಿಮೋಲ್, ತೂಕದಲ್ಲಿ ಸುಮಾರು 31 ಮಿಲಿಗ್ರಾಂ. ಗಾಳಿಗೆ ಒಡ್ಡಿದ ನೀರು ಸಮತೋಲಕ್ಕೆ ಬಂದಾಗ ಅದರಲ್ಲಿ ನಿಲ್ಲುವ ಅನಿಲ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ. ನೆಲದೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಅನಿಲವನ್ನು ಹೊತ್ತು ಬಂದ ಆ ನೀರು ಬಕೆಟ್ಟಿಗೆ ಬಿದ್ದ ಕ್ಷಣದಿಂದಲೇ ಅದನ್ನು ಹೊರಬಿಡತೊಡಗುತ್ತದೆ.

ಅನಿಲ ಹೋದಂತೆ ಪಿಎಚ್ ಏರುತ್ತದೆ. ಅದು 8.3 ಮುಟ್ಟಿದಾಗ ಅನಿಲ ಎರಡೂವರೆ ಮಿಲಿಗ್ರಾಂಗೆ ಇಳಿದಿರುತ್ತದೆ, ಬೈಕಾರ್ಬನೇಟ್ ಮಾತ್ರ ಹೆಚ್ಚುಕಡಿಮೆ ಆ 5 ಮಿಲಿಮೋಲೇ. ಇಲ್ಲಿ ಗಮನಿಸಬೇಕಾದುದು ತಳದಲ್ಲಿ ಮಲಗಿದ್ದ ಮೂರನೆಯ ಗೆರೆಯನ್ನು. 7.2ರಿಂದ 8.3ಕ್ಕೆ ಬರುವಷ್ಟರಲ್ಲಿ ಕಾರ್ಬನೇಟ್ ಹನ್ನೆರಡು ಪಟ್ಟಿಗೂ ಮಿಕ್ಕಿ ಹೆಚ್ಚಿರುತ್ತದೆ. ನಕ್ಷೆಯಲ್ಲಿ ಅದು ಇನ್ನೂ ನೂರರಲ್ಲಿ ಒಂದೇ ಪಾಲು, ಕಣ್ಣಿಗೆ ಬೀಳುವುದೇ ಕಷ್ಟ. ಆದರೆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ ಬಿಳಿ ಪೊರೆಯಾಗಿ ಇಳಿಯಲು ಅಷ್ಟು ಸಾಕು. ಹಂಡೆಯ ಒಳಮೈಯಲ್ಲಿ, ಗೀಸರಿನ ಸುರುಳಿಯ ಮೇಲೆ ಕಟ್ಟುವ ಬಿಳಿ ಪದರ ಇದೇ. ಕಾಯಿಸಿದಾಗ ಅನಿಲ ಇನ್ನೂ ಬೇಗ ಓಡಿಹೋಗುತ್ತದೆ. ಇಂಥ ಸಣ್ಣ ಪಾಲುಗಳನ್ನು ನೋಡಬೇಕಾದಾಗ ಲಂಬ ಅಕ್ಷವನ್ನು 1, 0.1, 0.01, 0.001 ಎಂದು ಹತ್ತು ಪಟ್ಟಿನ ಮೆಟ್ಟಿಲುಗಳಲ್ಲಿ ಬರೆಯುವುದೇ ಸರಿ. ಆಗ ತಳಕ್ಕೆ ಅಂಟಿದ್ದ ಗೆರೆಗಳು ಓರೆಗೆರೆಗಳಾಗಿ ಎದ್ದು ಕಾಣುತ್ತವೆ.

ಅತಿ ಹೆಚ್ಚು ತಪ್ಪಾಗುವುದು ಅಳತೆಯಲ್ಲಿ. ಅದೇ ನೀರನ್ನು ಅರ್ಧ ತುಂಬಿದ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಒಯ್ದು ಮರುದಿನ ಅಳೆದರೆ ಪಿಎಚ್ 8.1 ಬರಬಹುದು. ನಕ್ಷೆ ಆಗ ಆಮ್ಲದ ಪಾಲು 0.12ರ ಬದಲು 0.02 ಎಂದೇ ಹೇಳುತ್ತದೆ. ಅದು ಬಾಟಲಿಯ ನೀರಿನ ಮಟ್ಟಿಗೆ ಸರಿ, ಬಾವಿಯ ನೀರಿನ ಮಟ್ಟಿಗೆ ಸುಳ್ಳು. ಬಾಟಲಿಯ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿದ್ದರೆ, ತಳದಲ್ಲಿ ಬಿಳಿ ಹುಡಿ ಕೂತಿದ್ದರೆ ಅನಿಲ ತಪ್ಪಿಸಿಕೊಂಡಿದೆ ಎಂದು ತಿಳಿಯಬಹುದು. ಪಿಎಚ್ ಅನ್ನು ಬಾವಿಯ ಬಳಿಯೇ ಅಳೆಯಬೇಕು. ಅದಾಗದಿದ್ದರೆ ಬಾಟಲಿಯನ್ನು ಕಂಠಪೂರ್ತಿ ತುಂಬಿ ಮುಚ್ಚಿ, ತಂಪಾಗಿಟ್ಟು ಬೇಗ ತಲುಪಿಸಬೇಕು.

ನಕ್ಷೆ ಹೇಳುವುದು ಪಾಲನ್ನು, ಪ್ರಮಾಣವನ್ನಲ್ಲ. ಬಕೆಟ್ಟಿನಲ್ಲಿ ಅನಿಲ ಹೊರಟುಹೋದಾಗ ಒಟ್ಟು ಇಂಗಾಲ 5.7ರಿಂದ 5.0 ಮಿಲಿಮೋಲಿಗೆ ಇಳಿದದ್ದು ಅದರಲ್ಲಿ ಎಲ್ಲಿಯೂ ಕಾಣದು. ಅದಕ್ಕೆ ಕ್ಷಾರತೆಯ ಅಳತೆ ಜೊತೆಗಿರಲೇಬೇಕು.

ಉಷ್ಣತೆ ಮತ್ತು ಉಪ್ಪಿನಂಶ ಬದಲಾದರೆ ಗೆರೆಗಳೇ ಸರಿಯುತ್ತವೆ. 10 ಡಿಗ್ರಿಯ ತಣ್ಣನೆಯ ನೀರಿನಲ್ಲಿ ಪಿಕೆಗಳು 6.46 ಮತ್ತು 10.49, ಸರಿದದ್ದು ಅಲ್ಪ. ಸಮುದ್ರದ ನೀರಿನಲ್ಲಿ ಹಾಗಲ್ಲ. ಅಲ್ಲಿ 25 ಡಿಗ್ರಿಯಲ್ಲಿ ಪಿಕೆಗಳು ಸುಮಾರು 5.85 ಮತ್ತು 8.95, ಇಡೀ ಚಿತ್ರವೇ ಎಡಕ್ಕೆ ಜರುಗಿರುತ್ತದೆ. ಕಡಲಿನ ಪಿಎಚ್ ಸುಮಾರು 8.1. ಸಿಹಿನೀರಿನ ನಕ್ಷೆಯಲ್ಲಿ ಓದಿದರೆ ಅಲ್ಲಿ ಕಾರ್ಬನೇಟ್ ನೂರಕ್ಕೆ ಒಂದು ಪಾಲೂ ಇಲ್ಲ ಎನ್ನಿಸುತ್ತದೆ. ಕಡಲಿನದೇ ನಕ್ಷೆಯಲ್ಲಿ ಅದು ನೂರಕ್ಕೆ ಹನ್ನೆರಡು. ಕಪ್ಪೆಚಿಪ್ಪುಗಳೂ ಹವಳಗಳೂ ಮೈ ಕಟ್ಟಿಕೊಳ್ಳುವುದು ಆ ನೀರಿನಲ್ಲೇ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿ ಪಿಎಚ್ ಇಳಿದಾಗ ಮೊದಲು ತಗ್ಗುವುದೂ ಆ ಹನ್ನೆರಡು ಪಾಲೇ.