ಮೇಲಂತಸ್ತಿಗೆ ಮುನ್ನ ಒಂದು ಮೆಸೇಜ್

ಕೆಳಮನೆ ಕಟ್ಟಿ ಹತ್ತು ಹದಿನೈದು ವರ್ಷವಾದ ಮೇಲೆ, ಮೇಲೊಂದು ಮನೆ ಕಟ್ಟಿದರೆ ಬಾಡಿಗೆಯಾದರೂ ಬರುತ್ತದೆ ಅನ್ನಿಸುತ್ತದೆ. ಕಾಂಟ್ರಾಕ್ಟರ್‌ಗೆ ಫೋನ್ ಹೋಗುತ್ತದೆ. ಕೆಲವರು ಅಲ್ಲಿಯೇ ಚದರಕ್ಕೆ ಇಷ್ಟು ಎಂದುಬಿಡುತ್ತಾರೆ. ಕೆಲಸ ಬಲ್ಲವರು ಮೊದಲು ಇಂಥದ್ದೊಂದು ಮೆಸೇಜ್ ಕಳಿಸುತ್ತಾರೆ:

“ನಮಸ್ಕಾರ ಸರ್. ಶನಿವಾರ ಬೆಳಿಗ್ಗೆ 10ಕ್ಕೆ ಎಂಜಿನಿಯರ್ ಜತೆ ಬರುತ್ತೇನೆ. ಎರಡು ಗಂಟೆಯಾದರೂ ಬೇಕಾಗುತ್ತದೆ. ಮಂಜೂರಾದ ನಕ್ಷೆ, ಪಾಯ ಮತ್ತು ಪಿಲ್ಲರ್‌ಗಳ ಸ್ಟ್ರಕ್ಚರಲ್ ಡ್ರಾಯಿಂಗ್, ಪಾಯ ಹಾಕುವಾಗ ತೆಗೆದ ಫೋಟೊ ಇದ್ದರೆ ಅದೂ ತೆಗೆದಿಡಿ. ತಾರಸಿಯ ಬೀಗದ ಕೀ ಬೇಕು. ಸಂಪು, ಚೇಂಬರ್‌ಗಳ ಮುಚ್ಚಳ ತೆಗೆಯುವಂತಿರಲಿ. ಪಕ್ಕದ ಓಣಿಯಲ್ಲಿ ಒಂದು ಪಿಲ್ಲರ್ ಬುಡ ಅಗೆದು ನೋಡಬೇಕಾಗಬಹುದು. ಅಲ್ಲಿನ ಕುಂಡಗಳನ್ನು ಸರಿಸಿಡಿ. ಅಗೆಯಲು ನಿಮ್ಮ ಒಪ್ಪಿಗೆ ತಿಳಿಸಿ.”

ಇದರಲ್ಲಿ ಮನೆಯವರು ಎಡವುವುದು ಡ್ರಾಯಿಂಗ್ ವಿಚಾರದಲ್ಲಿ. ಮಂಜೂರಾದ ನಕ್ಷೆಯನ್ನು ಕೊಟ್ಟು, ಎಲ್ಲ ಕೊಟ್ಟೆವು ಅಂದುಕೊಳ್ಳುತ್ತಾರೆ. ಅದರಿಂದ ಕೋಣೆಗಳ ಅಳತೆ, ಬಿಟ್ಟ ಜಾಗ, ಎಷ್ಟು ಅಂತಸ್ತಿಗೆ ಅನುಮತಿ ಎಂಬುದು ತಿಳಿಯುತ್ತದೆ. ಪಾಯ ಎಷ್ಟು ಅಗಲ, ಪಿಲ್ಲರ್‌ನಲ್ಲಿ ಯಾವ ದಪ್ಪದ ಎಷ್ಟು ಕಂಬಿ ಎಂಬುದನ್ನು ಹೇಳುವುದು ಸ್ಟ್ರಕ್ಚರಲ್ ಡ್ರಾಯಿಂಗ್. ಮೇಲಂತಸ್ತಿನ ಭಾರ ಇಳಿಯುವುದು ಆ ಪಾಯಕ್ಕೇ.

ಡ್ರಾಯಿಂಗ್ ಕಳೆದುಹೋಗಿದ್ದರೆ ಅಗೆಯದೆ ವಿಧಿಯಿಲ್ಲ. ಇದ್ದರೂ ಒಂದು ಕಡೆ ಅಗೆದು ನೋಡುವುದು ಒಳ್ಳೆಯದು. ಕಾಗದದಲ್ಲಿ ಐದಡಿ ಅಗಲವಿದ್ದ ಪಾಯ ನೆಲದಲ್ಲಿ ನಾಲ್ಕೇ ಅಡಿ ಇದ್ದರೆ, ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ. ನಾಲ್ಕಡಿಯ ಚೌಕಕ್ಕೆ ಐದಡಿಯ ಚೌಕದ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಜಾಗ ಸಿಗುತ್ತದೆ.

ತಾರಸಿಯ ಕೀ ಕೇಳುವುದೂ ಸುಮ್ಮನೆ ಅಲ್ಲ. ಮುಂದೆ ಕಟ್ಟಲೆಂದು ಬಿಟ್ಟ ಕಂಬಿಗಳು ಅಲ್ಲಿರುತ್ತವೆ. ಹಳೆಯ ಕಂಬಿಗೆ ಹೊಸದನ್ನು ಜೋಡಿಸುವಾಗ ಎರಡೂ ಒಂದರ ಪಕ್ಕ ಒಂದು ಸಾಕಷ್ಟು ಉದ್ದ ಕೂರಬೇಕು. ರೂಢಿಯಲ್ಲಿ ಕಂಬಿಯ ದಪ್ಪದ 50 ಪಟ್ಟು ಹಿಡಿಯುತ್ತಾರೆ. 16 ಮಿಲಿಮೀಟರ್ ಕಂಬಿಗೆ ಅದು 800 ಮಿಲಿಮೀಟರ್, ಅಂದರೆ ಎರಡೂವರೆ ಅಡಿಗೂ ತುಸು ಹೆಚ್ಚು. ಒಂದೇ ಅಡಿ ಹೊರಗಿದ್ದರೆ ಸಾಲದು. ತುಕ್ಕು ಪದರ ಪದರವಾಗಿ ಉದುರುತ್ತಿದ್ದರೆ ಕಂಬಿಯ ದಪ್ಪವೇ ಕರಗಿದೆ ಎಂದರ್ಥ. ಇವೆರಡಕ್ಕೂ ದಾರಿಯುಂಟು, ಆದರೆ ಖರ್ಚು ಬೇರೆ.

ಚೇಂಬರ್ ತೆರೆದರೆ ಮೇಲಿನ ಬಚ್ಚಲಿನ ಪೈಪು ಎಲ್ಲಿ ಸೇರಬಹುದು ಎಂಬುದು ಗೊತ್ತಾಗುತ್ತದೆ. ಸಂಪಿನ ಅಳತೆ ನೋಡಿದರೆ ಇನ್ನೊಂದು ಸಂಸಾರಕ್ಕೆ ನೀರು ಸಾಲುತ್ತದೆಯೇ ಎಂಬುದು ತಿಳಿಯುತ್ತದೆ.

ಇವನ್ನೆಲ್ಲ ನೋಡಿದ ಮೇಲೆ ಬರುವ ದರ ಫೋನಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಇರಬಹುದು. ಆದರೂ ಡ್ರಾಯಿಂಗ್ ಕೇಳದೆ, ಪಾಯ ನೋಡದೆ ದರ ಹೇಳಿದವರಿಗೆ ಮುಂಗಡ ಕೊಡಬೇಡಿ.